ಡಿಜಿಟಲ್ ರುಜು ಹೇಳುವುದೇನು, ಮುಚ್ಚುವುದೇನು?

ವಿಜಯನಗರದ ಅರಸರು ಬರೆಸಿಕೊಟ್ಟ ತಾಮ್ರಪಟಗಳನ್ನು ನೀವು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಕಂಡಿರಬಹುದು. ಹಲಗೆಯ ಉದ್ದಕ್ಕೂ ನಂದಿನಾಗರಿ ಲಿಪಿಯಲ್ಲಿ ಸಂಸ್ಕೃತದ ಒಕ್ಕಣೆ ನಡೆಯುತ್ತದೆ. ಅರಸನ ವಂಶಾವಳಿ, ದಾನ ಪಡೆದವನ ಗೋತ್ರಸೂತ್ರಗಳು, ಊರಿನ ಎಲ್ಲೆಗಳು ಎಲ್ಲವೂ ಅದರಲ್ಲಿರುತ್ತವೆ. ಕೊನೆಯಲ್ಲಿ ಮಾತ್ರ, ದಪ್ಪನೆಯ ಕನ್ನಡ ಅಕ್ಷರಗಳಲ್ಲಿ, “ಶ್ರೀ ವಿರೂಪಾಕ್ಷ” ಎಂದಿರುತ್ತದೆ. ಅದೇ ಅರಸನ ರುಜು. ತನ್ನ ಹೆಸರನ್ನು ಬರೆಯದೆ ಕುಲದೈವದ ಹೆಸರನ್ನು ಬರೆದು ಒಪ್ಪಿಗೆ ಸೂಚಿಸುವುದು ಅಂದಿನ ಪದ್ಧತಿಯಾಗಿತ್ತು.

ಆ ರುಜು ಇದ್ದ ಮಾತ್ರಕ್ಕೆ ಒಕ್ಕಣೆ ಗುಟ್ಟಾಗಿತ್ತೆ? ಇಲ್ಲವೇ ಇಲ್ಲ. ದಾನಶಾಸನವು ಹತ್ತು ಜನ ಓದಿ ತಿಳಿಯಲೆಂದೇ ಇದ್ದದ್ದು. ಊರಿನ ಎಲ್ಲೆ ಯಾವ ಹುಣಿಸೆಮರದಿಂದ ಯಾವ ಹಳ್ಳದವರೆಗೆ ಎಂಬುದು ನೆರೆಯವರಿಗೆ ತಿಳಿಯದಿದ್ದರೆ ಶಾಸನದಿಂದ ಪ್ರಯೋಜನವೇನು? ರುಜು ಮಾಡಿದ ಕೆಲಸ ಒಂದೇ: ಇದು ಅರಸನ ಮಾತು ಎಂದು ಹೇಳುವುದು.

ಇಂದು ನಮ್ಮ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮನೆಗಳಲ್ಲಿ ಕೈಗೆ ಬರುತ್ತಿರುವ ಪಹಣಿಯಲ್ಲಿಯೂ, ಜಾತಿ-ಆದಾಯದ ಪ್ರಮಾಣಪತ್ರಗಳಲ್ಲಿಯೂ “ಡಿಜಿಟಲ್ ಸಹಿ ಮಾಡಲಾಗಿದೆ” ಎಂಬ ಮಾತು ಕಾಣುತ್ತದೆ. ಈ ರುಜುವಿನ ವಿಷಯವಾಗಿ ತಿಳಿದವರು ಒಂದು ವಾಕ್ಯವನ್ನು ಹೇಳುವುದುಂಟು: ಡಿಜಿಟಲ್ ರುಜು ಸಂದೇಶವನ್ನು ಕಳಿಸಿದವರು ಯಾರೆಂಬುದನ್ನು ಸ್ಥಾಪಿಸುತ್ತದೆ, ಆದರೆ ಸಂದೇಶದ ಒಕ್ಕಣೆಯನ್ನು ಮುಚ್ಚುವುದಿಲ್ಲ. ವಾಕ್ಯ ಚಿಕ್ಕದು. ಇದರ ಎರಡು ಭಾಗಗಳೂ ಒಂದೇ ತೂಕದಲ್ಲಿ ನಿಜವೇ? ಅದನ್ನು ಈ ಲೇಖನದಲ್ಲಿ ಒರೆಗೆ ಹಚ್ಚಿ ನೋಡೋಣ. ಪಹಣಿಯನ್ನು ಬ್ಯಾಂಕಿಗೂ ದಲ್ಲಾಳಿಗೂ ಫೋನಿನಲ್ಲಿ ಕಳಿಸುವ ರೈತನಿಗೆ ಇದರ ಉತ್ತರ ಬೇಕಾದದ್ದೇ.

ತಾಮ್ರಪಟದ ಮಾತನ್ನು ಇನ್ನೂ ಸ್ವಲ್ಪ ಮುಂದುವರಿಸಬೇಕು. ಏಕೆಂದರೆ ಹಳೆಯ ರುಜುವಿನಲ್ಲಿ ಒಂದು ದೊಡ್ಡ ಕೊರತೆ ಇತ್ತು. ಗಂಗ, ಕದಂಬ, ಚಾಳುಕ್ಯ ಮೊದಲಾದವರ ತಾಮ್ರಪಟಗಳಲ್ಲಿ ಹಲಗೆಗಳಿಗೆ ತೂತು ಕೊರೆದು ಒಂದು ಉಂಗುರದಿಂದ ಪೋಣಿಸಿ, ಉಂಗುರದ ಬೆಸುಗೆಯ ಮೇಲೆ ರಾಜಮುದ್ರೆಯನ್ನು ಕೂರಿಸುತ್ತಿದ್ದರು. ಗಂಗರದು ಆನೆ, ಕದಂಬರದು ಸಿಂಹ, ಬಾದಾಮಿಯ ಚಾಳುಕ್ಯರದು ವರಾಹ. ಮುದ್ರೆ ಸಾಚಾ ಇರಬಹುದು. ಆದರೆ ಅದು ಅಂಟಿಕೊಂಡಿದ್ದದ್ದು ಉಂಗುರಕ್ಕೆ, ಒಕ್ಕಣೆಗಲ್ಲ. ಉಂಗುರವನ್ನು ಕತ್ತರಿಸಿ ನಡುವಿನ ಹಲಗೆಯೊಂದನ್ನು ತೆಗೆದು ಬೇರೊಂದನ್ನು ಪೋಣಿಸಿದರೆ ಮುದ್ರೆಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದಲೇ ತಾಮ್ರಪಟವನ್ನು ಪ್ರಕಟಿಸುವ ವಿದ್ವಾಂಸರು, ತಮ್ಮ ಕೈಗೆ ಬಂದಾಗ ಉಂಗುರ ಮೊದಲೇ ಕತ್ತರಿಸಿತ್ತೋ ಇಲ್ಲವೋ ಎಂಬುದನ್ನು ತಪ್ಪದೆ ಬರೆದಿಡುತ್ತಾರೆ.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವನ್ನು 1898ರಲ್ಲಿ ಹೊರತಂದರು. ನಮ್ಮ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆಯ ಶಾಸನಗಳು ಅದರಲ್ಲಿವೆ. ಎಡತೊರೆ ಎಂದರೆ ಇಂದಿನ ಕೃಷ್ಣರಾಜನಗರದ ಸೀಮೆ. ಅದೇ ಕಾಲದಲ್ಲಿ, ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟ, ಎಂದರೆ ಆಮೇಲಿನವರು ಸೃಷ್ಟಿಸಿದ ನಕಲಿಗಳು ಎಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ರೈಸ್ ಒಪ್ಪಲಿಲ್ಲ. ಫ್ಲೀಟರ ಕೈಯಲ್ಲಿದ್ದ ಆಯುಧಗಳಾವುವು? ಅಕ್ಷರಗಳ ರೂಪ ಹೇಳಿಕೊಂಡ ಕಾಲಕ್ಕೆ ಹೊಂದುವುದಿಲ್ಲ, ತಿಥಿವಾರಗಳು ಲೆಕ್ಕಕ್ಕೆ ಕೂಡುವುದಿಲ್ಲ ಎಂಬಂಥವು. ನೋಡಿ, ಒಕ್ಕಣೆಯನ್ನು ಓದುವುದರಲ್ಲಿ ಯಾರಿಗೂ ತೊಡಕಿರಲಿಲ್ಲ; ಜಗಳವೆಲ್ಲ ಇದನ್ನು ನಿಜವಾಗಿ ಬರೆಸಿದವರು ಯಾರು ಎಂಬುದರ ಮೇಲೆಯೇ. ಓದಲು ಬರುವುದೂ ನಂಬಲು ಬರುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈ ಎರಡನ್ನೂ ನಾವು ಬೆರೆಸಿಬಿಡುವುದಕ್ಕೆ ಕಾರಣ, ನನಗೆ ತೋರುವಂತೆ, ಅರಗಿನ ಮೊಹರು. ಲಕೋಟೆಯ ಮೇಲೆ ಅರಗು ಸುರಿದು ಉಂಗುರ ಒತ್ತಿದರೆ ಒಳಗಿನ ಕಾಗದ ಮುಚ್ಚಿಯೂ ಇರುತ್ತದೆ, ಕಳಿಸಿದವರ ಗುರುತೂ ಇರುತ್ತದೆ. ಎರಡು ಕೆಲಸ ಒಂದೇ ಕಡೆ ನಡೆದದ್ದರಿಂದ ಒಂದೇ ಕೆಲಸವೆಂಬ ಭ್ರಮೆ ಹುಟ್ಟಿತು. ಅಂಚೆ ಕಾರ್ಡನ್ನು ನೆನೆಯಿರಿ. 1879ರಲ್ಲಿ ಕಾಲಾಣೆಗೆ ಬಂದ ಆ ಕಾರ್ಡಿನಲ್ಲಿ ಅಣ್ಣನ ರುಜು ಎಷ್ಟು ಸ್ಪಷ್ಟವಾಗಿದ್ದರೂ ಅಂಚೆಯವನಿಂದ ಪಕ್ಕದ ಮನೆಯ ಅಜ್ಜಿಯವರೆಗೆ ಎಲ್ಲರೂ ಓದಬಲ್ಲರು. ಡಿಜಿಟಲ್ ರುಜು ಮಾಡಿದ ಪತ್ರ ಕಾರ್ಡಿನ ಜಾತಿಯದು, ಲಕೋಟೆಯ ಜಾತಿಯದಲ್ಲ.

ಇನ್ನು ಈ ಹೊಸ ರುಜು ಹುಟ್ಟಿದ ಬಗೆ. 1970ರಿಂದ 1973ರವರೆಗೆ ಇಂಗ್ಲೆಂಡಿನ ಸರ್ಕಾರಿ ಗುಪ್ತಲಿಪಿ ಕಚೇರಿಯಲ್ಲಿ ಜೇಮ್ಸ್ ಎಲ್ಲಿಸ್, ಕ್ಲಿಫರ್ಡ್ ಕಾಕ್ಸ್ ಎಂಬವರು ಒಂದು ವಿಚಿತ್ರವಾದ ಉಪಾಯವನ್ನು ಕಂಡುಹಿಡಿದರು. ಬೀಗ ಹಾಕುವ ಕೈಯೇ ಬೇರೆ, ತೆಗೆಯುವ ಕೈಯೇ ಬೇರೆ. ಹಾಕುವ ಕೈಯನ್ನು ಊರಿಗೆಲ್ಲ ಹಂಚಿದರೂ ತೆಗೆಯುವ ಕೈ ಒಬ್ಬನಲ್ಲಿಯೇ ಉಳಿಯುತ್ತದೆ. ಅವರ ಕೆಲಸವನ್ನು 1997ರವರೆಗೂ ಹೊರಗೆ ಬಿಡಲಿಲ್ಲ. ಅವರು ಹುಡುಕುತ್ತಿದ್ದದ್ದು ಸಂದೇಶವನ್ನು ಮುಚ್ಚುವ ದಾರಿಯನ್ನು. ರುಜು ಅವರ ಗುರಿಯಾಗಿರಲಿಲ್ಲ. ಅಮೆರಿಕದಲ್ಲಿ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್‌ಮನ್ ಎಂಬ ಇಬ್ಬರು 1976ರಲ್ಲಿ ಸ್ವತಂತ್ರವಾಗಿ ಇದೇ ವಿಚಾರಕ್ಕೆ ಬಂದು, ಗೋಪ್ಯ ಒಂದು ಸಮಸ್ಯೆ, ಪ್ರಾಮಾಣ್ಯ ಮತ್ತೊಂದು ಸಮಸ್ಯೆ ಎಂದು ಬಿಡಿಸಿ ಬರೆದರು. ಕೈಗಳನ್ನು ಅದಲುಬದಲು ಮಾಡಿದರೆ, ಒಬ್ಬನೇ ಮಾಡಬಲ್ಲ, ಎಲ್ಲರೂ ಪರೀಕ್ಷಿಸಬಲ್ಲ ರುಜು ಸಿಕ್ಕುತ್ತದೆ ಎಂಬ ಹೊಳಹು ಅವರದು. ಅದನ್ನು ನಡೆಸಿ ತೋರಿಸುವ ಗಣಿತವನ್ನು 1977ರಲ್ಲಿ ರೊನಾಲ್ಡ್ ರಿವೆಸ್ಟ್, ಆದಿ ಶಮೀರ್, ಲೆನರ್ಡ್ ಆಡಲ್‌ಮನ್ ಎಂಬ ಮೂವರು ಕೊಟ್ಟರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅದನ್ನು ಆರ್‌ಎಸ್‌ಎ ಎನ್ನುತ್ತಾರೆ.

ಆ ವರ್ಷವೇ, ಆಗಸ್ಟ್ ತಿಂಗಳಲ್ಲಿ, ಒಂದು ಅಮೆರಿಕನ್ ವಿಜ್ಞಾನ ಮಾಸಪತ್ರಿಕೆಯಲ್ಲಿ ಗಣಿತವಿನೋದದ ಅಂಕಣ ಬರೆಯುತ್ತಿದ್ದ ಮಾರ್ಟಿನ್ ಗಾರ್ಡ್‌ನರ್ ಅವರ ಮೂಲಕ ಈ ಮೂವರು ಓದುಗರಿಗೆ ಒಂದು ಸವಾಲು ಹಾಕಿದರು. 129 ಅಂಕಿಗಳ ಒಂದು ಸಂಖ್ಯೆಯನ್ನು ಕೊಟ್ಟು, ಅದರಿಂದ ಮುಚ್ಚಿದ ಸಂದೇಶವೊಂದನ್ನು ಕೊಟ್ಟು, ಬಿಡಿಸಿದವರಿಗೆ 100 ಡಾಲರ್ ಬಹುಮಾನವೆಂದರು. ಸಂದೇಶವು ತಮ್ಮದೇ ಎಂದು ತೋರಿಸಲು ಒಂದು ರುಜುವನ್ನೂ ಜೊತೆಗೆ ಇಟ್ಟಿದ್ದರು. ನಮ್ಮ ವಾಕ್ಯವನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಪ್ರಸಂಗ ನನಗೆ ತಿಳಿದಿಲ್ಲ. ಮುಚ್ಚಿದ ಸಂದೇಶವನ್ನು ಬಿಡಿಸಲು ಆ 129 ಅಂಕಿಗಳ ಸಂಖ್ಯೆಯನ್ನು ಎರಡು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕಾಗಿತ್ತು. 1994ರ ಏಪ್ರಿಲಿನಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಕೂಡಿಸಿ ದುಡಿದಮೇಲೆ, ಅದು ಒಡೆಯಿತು. ಆದರೆ ರುಜು? ಅದನ್ನು ಓದಲು ಏನನ್ನೂ ಒಡೆಯಬೇಕಾಗಿರಲಿಲ್ಲ. ಬಹಿರಂಗವಾಗಿ ಕೊಟ್ಟಿದ್ದ 9007 ಎಂಬ ಸಂಖ್ಯೆಯನ್ನು ಹಿಡಿದು ಲೆಕ್ಕ ಹಾಕಿದರೆ, ಮೊದಲು ಬಿಡಿಸಿದವರಿಗೆ ನೂರು ಡಾಲರ್ ಎಂಬರ್ಥದ ಮಾತು ತಾನಾಗಿ ಎದ್ದುಬರುತ್ತಿತ್ತು. ಗಣಕವುಳ್ಳವರು ಯಾರಾದರೂ ಮೊದಲ ದಿನವೇ ಅದನ್ನು ಓದಬಹುದಾಗಿತ್ತು. ಒಂದೇ ಗಣಿತ, ಒಂದೇ ಸಂಖ್ಯೆ, ಒಂದೇ ಸವಾಲು; ಮುಚ್ಚಿದ್ದು 17 ವರ್ಷ ಮುಚ್ಚಿಯೇ ಇತ್ತು, ರುಜು ಮಾಡಿದ್ದು ಒಂದು ದಿನವೂ ಮುಚ್ಚಿರಲಿಲ್ಲ.

ಈ ಅದಲುಬದಲಿನ ಲೆಕ್ಕವನ್ನು ನಾವು ಕಾಗದ ಪೆನ್ಸಿಲು ಹಿಡಿದು ಮಾಡಿಯೇ ನೋಡಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗ್ರಾಮದಲ್ಲಿ ಸರ್ವೆ ನಂಬರು 47, ವಿಸ್ತೀರ್ಣ 2 ಎಕರೆ 14 ಗುಂಟೆ ಎಂಬ ಪಹಣಿ ಇದೆಯೆಂದು ಭಾವಿಸೋಣ. ರುಜು ಮಾಡುವ ಅಧಿಕಾರಿಯ ಬಳಿ ಎರಡು ಕೀಲಿಗಳಿವೆ. ಒಂದು ಖಾಸಗಿ, ಅದು 7. ಅದನ್ನು ಅವರೊಬ್ಬರೇ ಬಲ್ಲರು. ಇನ್ನೊಂದು ಬಹಿರಂಗ, ಅದು 3, ಊರಿಗೆಲ್ಲ ಗೊತ್ತು. ಎರಡಕ್ಕೂ ಸಾಮಾನ್ಯವಾಗಿ 33 ಎಂಬ ಸಂಖ್ಯೆಯಿದೆ. ಅದೂ ಊರಿಗೆಲ್ಲ ಗೊತ್ತು.

ಮೊದಲು ಒಕ್ಕಣೆಯಿಂದ ಒಂದು ಚಿಕ್ಕ ಸಂಖ್ಯೆಯನ್ನು ತೆಗೆಯಬೇಕು. ಗಣಕದವರು ಇದಕ್ಕೆ ಹ್ಯಾಷ್ ಎನ್ನುತ್ತಾರೆ. ನಾವು ಒಕ್ಕಣೆಯ ಹೆಬ್ಬೆಟ್ಟಿನ ಗುರುತು ಎನ್ನೋಣ. ಸುಲಭವಾಗಲೆಂದು ಅಂಕಿಗಳನ್ನೆಲ್ಲ ಕೂಡಿಬಿಡೋಣ: 4, 7, 2, 1, 4 ಸೇರಿ 18. ಅಧಿಕಾರಿಯು ಈ 18ನ್ನು ತನ್ನ ಖಾಸಗಿ ಕೀಲಿಯಷ್ಟು ಸಲ, ಅಂದರೆ ಏಳು ಸಲ ಬರೆದು ಒಂದಕ್ಕೊಂದು ಗುಣಿಸುತ್ತಾನೆ. ಬರುವ ಸಂಖ್ಯೆ 61,22,20,032. ಅದನ್ನು 33ರಿಂದ ಭಾಗಿಸಿದರೆ ಉಳಿಯುವ ಶೇಷ 6. ಆ 6 ಅವನ ರುಜು. ಅದನ್ನು ಪಹಣಿಯ ಅಡಿಯಲ್ಲಿ ಬರೆದು ಕಳಿಸಿಬಿಡುತ್ತಾನೆ.

ಈಗ ಹುಣಸೂರಿನ ಬ್ಯಾಂಕಿನವರು ಪರೀಕ್ಷಿಸಬೇಕು. ಅವರು ರುಜುವಿನ 6ನ್ನು ಬಹಿರಂಗ ಕೀಲಿಯಷ್ಟು ಸಲ, ಮೂರು ಸಲ ಬರೆದು ಗುಣಿಸುತ್ತಾರೆ: 216. 33ರಿಂದ ಭಾಗಿಸಿದರೆ ಶೇಷ 18. ಪಹಣಿಯ ಅಂಕಿಗಳನ್ನು ತಾವೇ ಕೂಡುತ್ತಾರೆ: ಅದೂ 18. ಎರಡೂ ಕೂಡಿದವು, ರುಜು ಸರಿ. ದಾರಿಯಲ್ಲಿ ಯಾರಾದರೂ 2 ಎಕರೆಯನ್ನು 3 ಎಕರೆ ಮಾಡಿದ್ದರೆ ಒಕ್ಕಣೆಯ ಮೊತ್ತ 19 ಆಗುತ್ತಿತ್ತು, ರುಜು ಮಾತ್ರ 18 ಎನ್ನುತ್ತಲೇ ಇರುತ್ತಿತ್ತು. ತಾಮ್ರಪಟದ ಉಂಗುರಕ್ಕೆ ಬಾರದಿದ್ದ ವಿದ್ಯೆ ಇದು: ರುಜು ಒಕ್ಕಣೆಗೇ ಬೆಸೆದುಕೊಂಡಿದೆ.

ಈ ಲೆಕ್ಕದಲ್ಲಿ ಒಕ್ಕಣೆ ಎಲ್ಲಿ ಮುಚ್ಚಿತು? ಎಲ್ಲಿಯೂ ಇಲ್ಲ. 47, 2 ಎಕರೆ, 14 ಗುಂಟೆ ಎಲ್ಲವೂ ಬಿಳಿಯ ಹಾಳೆಯ ಮೇಲೆ ಮೊದಲಿದ್ದಂತೆಯೇ ಇವೆ. ಪಕ್ಕದಲ್ಲಿ ಒಂದು 6 ಹೆಚ್ಚಿಗೆ ಬಂದಿದೆ, ಅಷ್ಟೆ. “ಖಾಸಗಿ ಕೀಲಿಯಿಂದ ಗುಪ್ತಲಿಪಿ ಮಾಡುವುದೇ ರುಜು” ಎಂದು ಕೆಲವು ಪುಸ್ತಕಗಳು ವಿವರಿಸುವುದುಂಟು. ಗೊಂದಲದ ಮೂಲ ಅದೇ. 6 ಎಂಬುದು 18ರ ವೇಷ ಹೌದು; ಆದರೆ ಆ ವೇಷವನ್ನು ಕಳಚುವ 3 ಎಂಬ ಕೀಲಿ ಊರಿನ ಕೈಯಲ್ಲಿದೆ. ಎಲ್ಲರ ಬಳಿಯೂ ಕೈ ಇರುವ ಬೀಗಕ್ಕೆ ಬೀಗವೆಂದು ಹೆಸರೇಕೆ? ಮುಚ್ಚಬೇಕೆಂದರೆ ಕೀಲಿಗಳು ತಿರುಗಬೇಕು: ಕಳಿಸುವವನು ಪಡೆಯುವವನ ಬಹಿರಂಗ ಕೀಲಿಯಿಂದ ಮುಚ್ಚಬೇಕು, ಪಡೆಯುವವನು ತನ್ನ ಖಾಸಗಿ ಕೀಲಿಯಿಂದ ತೆರೆಯಬೇಕು. ಆಗ ಮುಚ್ಚುವುದು ಯಾರಿಗೆ ಬೇಕಾದರೂ ಸಾಧ್ಯವಾದ್ದರಿಂದ, ಕಳಿಸಿದವರು ಯಾರೆಂಬುದಕ್ಕೆ ಅದರಲ್ಲಿ ಸಾಕ್ಷಿಯಿಲ್ಲ.

ನಮ್ಮ ಚಿಕ್ಕ ಲೆಕ್ಕದಲ್ಲಿ ಎರಡು ದೌರ್ಬಲ್ಯಗಳಿವೆ. ಜಾಣ ವಾಚಕರು ಆಗಲೇ ಗಮನಿಸಿರಬಹುದು. 33 ಎಂದರೆ 3 ಗುಣಿಲೆ 11 ಎಂಬುದು ಮಗುವಿಗೂ ಗೊತ್ತು, ಅದು ಗೊತ್ತಾದರೆ ಖಾಸಗಿ ಕೀಲಿ 7 ಎಂದು ಹುಡುಕುವುದು ಕಷ್ಟವಲ್ಲ. ಆದ್ದರಿಂದ ಇಂದು ಬಳಕೆಯಲ್ಲಿರುವ ಆರ್‌ಎಸ್‌ಎ ಕೀಲಿಯಲ್ಲಿ 33ರ ಸ್ಥಾನದಲ್ಲಿ ಸಾಮಾನ್ಯವಾಗಿ 617 ಅಂಕಿಗಳ ಸಂಖ್ಯೆಯಿರುತ್ತದೆ. ಎರಡನೆಯದು ಹೆಚ್ಚು ಸೂಕ್ಷ್ಮ. ವಂಚಕನು ಸರ್ವೆ ನಂಬರು 47ನ್ನು 74 ಎಂದು ತಿರುಗಿಸಿದರೆ? ಅಂಕಿಗಳ ಮೊತ್ತ ಅದೇ 18, ರುಜುವೂ ಅದೇ 6, ಪರೀಕ್ಷೆಯಲ್ಲಿ ತೇರ್ಗಡೆ. ಬೇರೆಯವರ ಹೊಲ ಇವನದಾಗುತ್ತದೆ. ಆದ್ದರಿಂದ ಹೆಬ್ಬೆಟ್ಟಿನ ಗುರುತು ತೆಗೆಯುವ ವಿಧಾನವು, ಒಂದೇ ಗುರುತಿನ ಎರಡು ಒಕ್ಕಣೆಗಳನ್ನು ಯಾರೂ ಹುಡುಕಲಾರದಂಥದಾಗಿರಬೇಕು. ಬಹುಕಾಲ ನಂಬಿದ್ದ ಶಾ-1 ಎಂಬ ವಿಧಾನದಲ್ಲಿ ಒಂದೇ ಗುರುತಿನ ಎರಡು ಬೇರೆ ಬೇರೆ ದಾಖಲೆಗಳನ್ನು ಗೂಗಲ್ ಸಂಸ್ಥೆಯವರೂ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆಯವರೂ ಸೇರಿ 2017ರಲ್ಲಿ ಮಾಡಿ ತೋರಿಸಿದರು. ಈಗ ಶಾ-256 ಎಂಬುದು ರೂಢಿಯಲ್ಲಿದೆ.

ರುಜುವಿಗೂ ಮುಚ್ಚುವಿಕೆಗೂ ಒಂದೇ ಗಣಿತ ಒದಗಿದ್ದು ಆರ್‌ಎಸ್‌ಎಯ ವಿಶೇಷವೇ ಹೊರತು ನಿಯಮವಲ್ಲ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಯು 1991ರಲ್ಲಿ ಸೂಚಿಸಿ 1994ರಲ್ಲಿ ಅಂಗೀಕರಿಸಿದ ಡಿಎಸ್‌ಎ ಎಂಬ ವಿಧಾನವನ್ನು ರುಜುವಿಗೆಂದೇ ರಚಿಸಿದ್ದರು. ಅದರಿಂದ ಸಂದೇಶವನ್ನು ಮುಚ್ಚುವ ಸಾಮಾನ್ಯ ಮಾರ್ಗವೇ ಇಲ್ಲ. ಹಳತಾಯಿತೆಂದು 2023ರಲ್ಲಿ ಹೊಸ ರುಜುಗಳಿಗೆ ಅದನ್ನು ಕೈಬಿಟ್ಟರು. ಆದರೆ ಅಷ್ಟು ವರ್ಷ ಅದು ಮಾನಕವಾಗಿ ನಡೆದದ್ದೇ, ಗುಟ್ಟಿನ ಹಂಗಿಲ್ಲದೆ ರುಜು ಬದುಕಬಲ್ಲದು ಎಂಬುದಕ್ಕೆ ಸಾಕ್ಷಿ.

ಈಗ ನಮ್ಮ ಸೀಮೆಗೆ ಬರೋಣ. ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯಿದೆಯಿಂದ ಹೋದವು. ಅವರ ಸ್ಥಾನಕ್ಕೆ ಗ್ರಾಮಲೆಕ್ಕಿಗರು ಬಂದರು. ಆದರೆ ಪಹಣಿ ಅವರ ಕೈಬರಹದ ಪುಸ್ತಕದಲ್ಲಿಯೇ ಉಳಿಯಿತು. ಭೂಮಿ ಎಂಬ ಯೋಜನೆ ಇದನ್ನು ಬದಲಿಸಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿಯನ್ನು ಕೊಡುವ ಏರ್ಪಾಡು ಹೊಸ ಶತಮಾನದ ಮೊದಲ ವರ್ಷಗಳಲ್ಲಿಯೇ ರಾಜ್ಯದ ತಾಲ್ಲೂಕುಗಳಿಗೆಲ್ಲ ಹಬ್ಬಿತು. ಆಮೇಲೆ ಜಾಲತಾಣದ ಮೂಲಕ ಡಿಜಿಟಲ್ ರುಜುವಿನ ಪಹಣಿ ಬಂತು. ಕಾನೂನಿನ ಬೆನ್ನೆಲುಬು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ. ಅದು ಆ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂತು. ಆ ಕಾಯಿದೆಯ 3ನೆಯ ಪ್ರಕರಣ ಮಾತಾಡುವುದು ದಾಖಲೆಯ ಪ್ರಾಮಾಣ್ಯವನ್ನು ಕುರಿತು. ನಾವು ಲೆಕ್ಕದಲ್ಲಿ ಕಂಡ ಜೋಡಿ ಕೀಲಿ ಮತ್ತು ಹ್ಯಾಷ್ ಎರಡೂ ಅಲ್ಲಿ ಹೆಸರಿಸಲ್ಪಟ್ಟಿವೆ. ಗುಪ್ತಲಿಪಿಯ ವಿಧಾನಗಳ ಮಾತು ಬೇರೊಂದು ಕಡೆ, 2008ರ ತಿದ್ದುಪಡಿಯಿಂದ ಸೇರಿದ 84ಎ ಪ್ರಕರಣದಲ್ಲಿದೆ. ಕಾನೂನು ಕೂಡ ಇವೆರಡನ್ನು ಒಂದೇ ಮಡಕೆಯಲ್ಲಿ ಬೇಯಿಸಿಲ್ಲ.

ರುಜುವಾದ ಪಹಣಿಯಲ್ಲಿ ಏನೇನಿರುತ್ತದೆ ನೋಡಿ. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಕಂದಾಯ, ಹಿಡುವಳಿದಾರರ ಹೆಸರು, ಬೆಳೆ. ಇವುಗಳೊಡನೆ ಇತರೆ ಹಕ್ಕುಗಳು ಮತ್ತು ಋಣಗಳು ಎಂಬ ಕಲಮು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನೋ ಕೃಷ್ಣರಾಜನಗರದ ಭತ್ತದ ರೈತನೋ ಬ್ಯಾಂಕಿನಲ್ಲಿ ಸಾಲ ಎತ್ತಿ ಜಮೀನನ್ನು ಆಧಾರ ಮಾಡಿದ್ದರೆ ಆ ಸಾಲದ ನಮೂದು ಈ ಕಲಮಿನಲ್ಲಿ ಕೂಡುತ್ತದೆ. ರುಜು ಅದನ್ನು ಮುಚ್ಚುವುದಿಲ್ಲ. ಅದು ಸರಿಯಾದ ನಮೂದೆಂದು ಇನ್ನಷ್ಟು ಗಟ್ಟಿಯಾಗಿ ಸಾರುತ್ತದೆ. “ಡಿಜಿಟಲ್ ಸಹಿ ಇದೆ, ಭದ್ರವಾಗಿದೆ” ಎಂದುಕೊಂಡು ಅಪರಿಚಿತ ದಲ್ಲಾಳಿಗೆ ಫೋನಿನಲ್ಲಿ ಅದನ್ನು ಕಳಿಸಿದವರು, ತಮ್ಮ ಸಾಲವನ್ನು ಸರ್ಕಾರದ ಸಾಕ್ಷಿಯೊಡನೆ ಅವನ ಕೈಗಿಟ್ಟಂತಾಯಿತು. ಭದ್ರ ಎಂಬ ಮಾತು ತಿದ್ದುವುದರಿಂದ ಭದ್ರ ಎಂಬ ಅರ್ಥದಲ್ಲಿ ನಿಜ, ಓದುವುದರಿಂದ ಭದ್ರ ಎಂಬ ಅರ್ಥದಲ್ಲಿ ಅಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೆ ಪಹಣಿಯ ವಿವರವನ್ನು ಜಮೀನಿನ ಒಡೆಯನಲ್ಲದವರೂ ಭೂಮಿಯ ಜಾಲತಾಣದಲ್ಲಿ ನೋಡುತ್ತ ಬಂದಿದ್ದಾರೆ. ಹಣ ಕೊಟ್ಟು ಪಡೆಯುವ ರುಜುವಿನ ಪ್ರತಿಯಲ್ಲಿ ಹೆಚ್ಚಿಗೆ ಇರುವುದು ಪ್ರಾಮಾಣ್ಯ ಮಾತ್ರ.

ಮುಚ್ಚಲೇಬೇಕಾದ ಕಡೆ ಸರ್ಕಾರವೇನು ಮಾಡುತ್ತದೆ? ಟೆಂಡರನ್ನು ನೋಡಿ. ಗುತ್ತಿಗೆದಾರನು ಬರೆದ ದರವು ತೆರೆಯುವ ದಿನದವರೆಗೆ ಯಾರಿಗೂ ಕಾಣಬಾರದು. ಬರೆದವನು ಆಮೇಲೆ ನನ್ನದಲ್ಲ ಎನ್ನಲೂ ಬಾರದು. ಆದ್ದರಿಂದ ನಮ್ಮ ದೇಶದ ಗಣಕಟೆಂಡರುಗಳಲ್ಲಿ ರುಜುವಿಗೆ ಒಂದು ಜೊತೆ ಕೀಲಿಯನ್ನೂ ಮುಚ್ಚುವುದಕ್ಕೆ ಬೇರೆಯೇ ಒಂದು ಜೊತೆಯನ್ನೂ ಬಳಸುತ್ತಾರೆ. ಪ್ರಮಾಣಪತ್ರಗಳನ್ನೂ ಬೇರೆಬೇರೆಯಾಗಿಯೇ ಕೊಡುತ್ತಾರೆ. ಪಹಣಿಗೆ ಮೊದಲನೆಯದು ಸಾಕು.

ವಾಕ್ಯದ ಎರಡನೆಯ ಭಾಗ ಹೀಗೆ ಪೂರ್ತಿ ನಿಂತಿತು. ಮೊದಲ ಭಾಗಕ್ಕೆ ಮಾತ್ರ ಅಷ್ಟು ಸುಲಭವಾಗಿ ತೇರ್ಗಡೆ ಕೊಡಲಾರೆ. “ಕಳಿಸಿದವರು ಯಾರು” ಎನ್ನುತ್ತದೆ ವಾಕ್ಯ. ರುಜುವಾದ ಪಹಣಿಯನ್ನು ಮಗ ಅಪ್ಪನಿಗೆ ಕಳಿಸುತ್ತಾನೆ, ಅಪ್ಪ ಬ್ಯಾಂಕಿಗೆ ಕಳಿಸುತ್ತಾನೆ, ಬ್ಯಾಂಕಿನವರು ಮೈಸೂರಿನ ಕಚೇರಿಗೆ ಕಳಿಸುತ್ತಾರೆ. ಪ್ರತಿಯೊಂದು ಕೈಯಲ್ಲಿಯೂ ರುಜು ಸರಿಯಾಗಿಯೇ ಇರುತ್ತದೆ. ಅದು ತೋರಿಸುವುದು ರುಜು ಮಾಡಿದವರನ್ನು, ತಂದುಕೊಟ್ಟವರನ್ನಲ್ಲ. ನಿನ್ನೆಯ ಪಹಣಿಯನ್ನು ಮುಂದಿನ ವರ್ಷ ಯಾರಾದರೂ ಮತ್ತೆ ಕಳಿಸಿದರೂ ರುಜು ಒಲ್ಲೆನ್ನುವುದಿಲ್ಲ. ಅಷ್ಟರಲ್ಲಿ ಖಾತೆ ಬದಲಾಗಿ ಜಮೀನು ಬೇರೆಯವರದಾಗಿರಬಹುದು. ಪಡೆಯುವವರು ದಿನಾಂಕವನ್ನು ನೋಡಲೇಬೇಕು.

ಅದೂ ಅಲ್ಲದೆ ಗಣಿತ ಬಲ್ಲದ್ದು 7 ಎಂಬ ಕೀಲಿಯನ್ನೇ ಹೊರತು ಅದನ್ನು ಹಿಡಿದ ಮನುಷ್ಯನನ್ನಲ್ಲ. ಈ ಕೀಲಿ ಇಂಥ ಹೆಸರಿನವರದು ಎಂದು ಹೇಳುವುದು ಪ್ರಮಾಣೀಕರಣ ಸಂಸ್ಥೆ. ಆ ಸಂಸ್ಥೆಗೆ ಪರವಾನಗಿ ಕೊಡುವುದು ಕೇಂದ್ರ ಸರ್ಕಾರದ ನಿಯಂತ್ರಕರು. ಕೀಲಿ ಸಾಮಾನ್ಯವಾಗಿ ಬೆರಳುದ್ದದ ಒಂದು ಟೋಕನ್ನಿನೊಳಗೆ ಕುಳಿತು, ಗುಟ್ಟಿನ ಸಂಖ್ಯೆ ಒತ್ತಿದಾಗ ಕೆಲಸ ಮಾಡುತ್ತದೆ. ಸಾಹೇಬರು ಮೀಟಿಂಗಿಗೆ ಹೋಗುವಾಗ ಟೋಕನ್ನನ್ನೂ ಸಂಖ್ಯೆಯನ್ನೂ ಗುಮಾಸ್ತನಿಗೆ ಒಪ್ಪಿಸಿ ಹೋದರೆ, ಗುಮಾಸ್ತ ಮಾಡಿದ್ದೂ ಸಾಹೇಬರ ರುಜುವೇ. ಕೈರುಜುವಿನಲ್ಲಿ ಅಕ್ಷರದ ಒಲವನ್ನಾದರೂ ನೋಡಿ ಅನುಮಾನಿಸಬಹುದಿತ್ತು. ಇಲ್ಲಿ ಆ ದಾರಿಯಿಲ್ಲ. ಅದಕ್ಕೇ ಕಾಯಿದೆಯ 42ನೆಯ ಪ್ರಕರಣವು ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಹೊಣೆಯನ್ನು ಕೀಲಿಯ ಒಡೆಯನ ಮೇಲೆಯೇ ಹೊರಿಸಿದೆ. ಕೀಲಿ ಕೈತಪ್ಪಿತೆಂದು ತಿಳಿದೊಡನೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸಬೇಕು, ಅವರು ಅದನ್ನು ರದ್ದಾದವುಗಳ ಪಟ್ಟಿಗೆ ಸೇರಿಸುತ್ತಾರೆ.

ನಿಮ್ಮ ಕೈಗೆ ಬಂದ ಪಹಣಿಯನ್ನು ಪರೀಕ್ಷಿಸುವುದು ಹೇಗೆ? ಗಣಕದಲ್ಲಿ ಕಡತವನ್ನು ತೆರೆದಾಗ ರುಜುವಿನ ಜಾಗದಲ್ಲಿ ಹಳದಿಯ ಪ್ರಶ್ನಾರ್ಥಕ ಚಿಹ್ನೆಯೂ `Validity Unknown` ಎಂಬ ಮಾತೂ ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಪಹಣಿ ಸುಳ್ಳು ಎಂದು ಅದರ ಅರ್ಥವಲ್ಲ. ನಮ್ಮ ದೇಶದ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ನಂಬಬೇಕೆಂದು ಆ ತಂತ್ರಾಂಶಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ರುಜುವಿನ ಮೇಲೆ ಒತ್ತಿ ವಿವರವನ್ನು ತೆರೆದು, ರುಜುವಾದಮೇಲೆ ದಾಖಲೆ ಬದಲಾಗಿಲ್ಲವೆಂದು ಹೇಳುತ್ತದೆಯೇ, ಪ್ರಮಾಣಪತ್ರದಲ್ಲಿರುವ ಹೆಸರು ಯಾರದು, ಅದರ ಮೂಲ ನಿಯಂತ್ರಕರವರೆಗೆ ಮುಟ್ಟುತ್ತದೆಯೇ ಎಂದು ನೋಡಬೇಕು. ಇದಕ್ಕೆ ವಿರುದ್ಧವಾದದ್ದು ಹೆಚ್ಚು ಅಪಾಯದ್ದು: ಹಸುರು ಗೆರೆಯ ಸರಿ ಗುರುತನ್ನು ಯಾರು ಬೇಕಾದರೂ ಚಿತ್ರವಾಗಿ ಅಂಟಿಸಬಹುದು. ಒತ್ತಿದಾಗ ವಿವರ ತೆರೆಯದ ಗುರುತು ರುಜುವಲ್ಲ, ಚಿತ್ರ.

ಅಚ್ಚು ಹಾಕಿಸಿದ ಹಾಳೆಯ ಗತಿ ಇನ್ನೂ ಬೇರೆ. ಆ 617 ಅಂಕಿಗಳ ಲೆಕ್ಕ ಕಡತದೊಳಗೆ ಉಳಿದುಬಿಡುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ. ಹೆಗ್ಗಡದೇವನಕೋಟೆಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಪ್ರತಿಯ ಮೇಲೆ “ಡಿಜಿಟಲ್ ಸಹಿ ಮಾಡಲಾಗಿದೆ” ಎಂಬ ಸಾಲು ಬರೀ ಅಚ್ಚಾದ ಸಾಲು. ಅಂಥ ಹಾಳೆಯನ್ನು ಪಡೆದವರು ಅದರ ಮೇಲಿನ ಸಂಖ್ಯೆಯನ್ನು ಕೊಟ್ಟವರ ಜಾಲತಾಣದಲ್ಲಿ ಹಾಕಿ, ಅಲ್ಲಿ ಮೂಡುವ ದಾಖಲೆಯನ್ನು ಕೈಯಲ್ಲಿರುವ ಹಾಳೆಯೊಡನೆ ಸಾಲುಸಾಲಾಗಿ ಹೋಲಿಸಿಕೊಳ್ಳಬೇಕು. ಜಾಲತಾಣದ ಹೆಸರನ್ನು ಹಾಳೆಯಿಂದ ಓದಿಕೊಳ್ಳದೆ ತಾವೇ ತಿಳಿದು ಬರೆಯುವುದು ಲೇಸು. ನಕಲಿ ಹಾಳೆ ಮಾಡಿದವನಿಗೆ ನಕಲಿ ತಾಣ ಮಾಡುವುದು ದೊಡ್ಡದಲ್ಲ.